ಒಂದೇ ಹಿಟ್ಟು, ಮೂರು ದೂರು: ಇಡ್ಲಿ-ದೋಸೆ ಹಿಟ್ಟಿನ ಒಂದು ಪ್ರಕರಣ

ಮೈಸೂರಿನ ಒಂದು ಬಡಾವಣೆಯಲ್ಲಿ ಒಬ್ಬ ಅಕ್ಕ ಮನೆಯಲ್ಲೇ ಇಡ್ಲಿ-ದೋಸೆ ಹಿಟ್ಟು ರುಬ್ಬಿ ಕೊಡುತ್ತಾರೆ. ಅಕ್ಕಪಕ್ಕದ ಇಪ್ಪತ್ತೈದು ಮನೆಗಳಿಗೆ ಅವರದೇ ಹಿಟ್ಟು. ದಿನಕ್ಕೆ 8 ಕಿಲೋ ಇಡ್ಲಿ ಅಕ್ಕಿ, 2 ಕಿಲೋ ಉದ್ದಿನಬೇಳೆ, ಒಂದು ಹಿಡಿ ಮೆಂತ್ಯ. ಸಂಜೆ 7ಕ್ಕೆ ಗ್ರೈಂಡರ್ ಹಾಕಿದರೆ 10ರ ಹೊತ್ತಿಗೆ ಎರಡು ದೊಡ್ಡ ಪಾತ್ರೆ ತುಂಬುತ್ತವೆ. ಬೆಳಗ್ಗೆ 7.30ಕ್ಕೆ ಮುಚ್ಚಳ ತೆಗೆದು, ಕಲಸಿ, ಡಬ್ಬಿಗಳಿಗೆ ತುಂಬಿ, 10 ಗಂಟೆಯೊಳಗೆ ಮನೆಮನೆಗೆ ತಲುಪಿಸುತ್ತಾರೆ. ಚಳಿಗಾಲವಿಡೀ ಒಂದೂ ದೂರು ಇರಲಿಲ್ಲ.

ಮಾರ್ಚ್ ಕೊನೆಯಲ್ಲಿ ದೂರುಗಳು ಒಟ್ಟಿಗೆ ಶುರುವಾದವು. ಹಿಟ್ಟು ಮೂಗಿಗೆ ಹೊಡೆಯುತ್ತೆ ಅಂದರು ಕೆಲವರು. ಇಡ್ಲಿ ಚಪ್ಪಟೆ ಅಂದರು ಇನ್ನು ಕೆಲವರು. ಒಂದಿಬ್ಬರ ಮನೆಯಲ್ಲಿ ಹಿಟ್ಟಿನೊಳಗೆ ಬೂದು ಗೆರೆ ಕಂಡಿತು. ಕೊನೆಗೆ ಒಂದು ಮನೆಯಿಂದ ಫೋಟೋ ಬಂತು: ಡಬ್ಬಿಯ ಅಂಚಿನ ಸುತ್ತ ತಿಳಿ ಗುಲಾಬಿ ಬಣ್ಣದ ಗೆರೆ.

ಅಕ್ಕ ಮೊದಲು ಅನುಮಾನಪಟ್ಟಿದ್ದು ಉದ್ದಿನಬೇಳೆಯ ಮೇಲೆ. ಹೊಸ ಮೂಟೆ ಒಡೆದ ವಾರವೇ ಇದೆಲ್ಲ ಆಗಿತ್ತು. ಬೇಳೆ ಬದಲಿಸಿದರು. ನಂತರ ನೀರಿನ ಮೇಲೆ ಅನುಮಾನ ಬಂತು, ಫಿಲ್ಟರ್ ನೀರು ಹಾಕಿದರು. ಆಮೇಲೆ ಹುಳಿ ಕಡಿಮೆಯಾಗಲಿ ಅಂತ ರಾತ್ರಿಯೇ ಹಿಟ್ಟಿಗೆ ಎರಡು ಚಮಚ ಅಡುಗೆ ಸೋಡಾ ಸೇರಿಸತೊಡಗಿದರು. ಇವುಗಳಲ್ಲಿ ಮೊದಲ ಎರಡರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೂರನೆಯದು ಮಾತ್ರ ಅಪಾಯಕಾರಿ. ಅದು ಯಾಕೆ ಅಂತ ಮುಂದೆ ಬರುತ್ತದೆ.

ನನ್ನನ್ನು ಕರೆದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ನೋಡಪ್ಪಾ, ನನ್ನ ಹಿಟ್ಟಿಗೆ ಏನಾಗಿದೆ?" ಆದರೆ ಆಗಿದ್ದು ಒಂದಲ್ಲ. ಮೂರು ಬೇರೆ ಬೇರೆ ತೊಂದರೆಗಳು ಒಂದೇ ವಾರದಲ್ಲಿ ಬಂದಿದ್ದರಿಂದ ಒಂದೇ ರೋಗದ ಹಾಗೆ ಕಾಣುತ್ತಿದ್ದವು. ಬಿಡಿಸಿ ನೋಡಲು ನಾವು ದೂರು ಹೇಳಿದ ಪ್ರತಿ ಮನೆಗೂ ಫೋನ್ ಮಾಡಿ ಮೂರೇ ವಿಷಯ ಕೇಳಿದೆವು. ಯಾವಾಗ ಕಾಣಿಸಿತು? ಪಾತ್ರೆಯ ಯಾವ ಜಾಗದಲ್ಲಿ? ಹಿಟ್ಟು ಯಾವುದರಲ್ಲಿ ಇಟ್ಟಿದ್ದಿರಿ?

ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡಾಗ ಅರ್ಧ ಕೆಲಸ ಮುಗಿದಿತ್ತು. ಖಾರವಾದ ಹುಳಿ ವಾಸನೆ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ, ಹಿಟ್ಟು ಬಂದ ದಿನವೇ. ಬೂದು ಗೆರೆ ಎರಡು ಮನೆಯಲ್ಲಿ, ಅದೂ ಬಂದ ದಿನವೇ, ಹಿಟ್ಟಿನ ಒಳಗೆ ಎಳೆ ಎಳೆಯಾಗಿ. ಗುಲಾಬಿ ಬಣ್ಣ ಮೂರು ಮನೆಯಲ್ಲಿ, ಫ್ರಿಜ್‌ನಲ್ಲಿಟ್ಟ ನಾಲ್ಕನೇ ಅಥವಾ ಐದನೇ ದಿನ, ಅಂಚಿನಲ್ಲಿ ಮಾತ್ರ. ಎಲ್ಲರಿಗೂ ಬಂದಿದ್ದರೆ ಕಾರಣ ಅಡುಗೆಮನೆಯಲ್ಲಿದೆ. ಕೆಲವರಿಗೆ ಮಾತ್ರ, ಅದೂ ದಿನ ಕಳೆದ ಮೇಲೆ ಬಂದಿದ್ದರೆ ಕಾರಣ ಬೇರೆಲ್ಲೋ ಇದೆ.

ಮೂಗಿಗೆ ಹೊಡೆಯುವ ಹುಳಿ

ಹಿಟ್ಟು ಉಬ್ಬುವುದಕ್ಕೆ ನಾವೇನೂ ಹಾಕುವುದಿಲ್ಲ. ಉದ್ದಿನಬೇಳೆ ಮತ್ತು ಅಕ್ಕಿಯ ಮೇಲೆ ಮೊದಲೇ ಇರುವ ಬ್ಯಾಕ್ಟೀರಿಯಾಗಳೇ ಆ ಕೆಲಸ ಮಾಡುತ್ತವೆ. ಮೊದಲು ಜೋರಾಗಿ ಬೆಳೆಯುವುದು ಲ್ಯೂಕೊನಾಸ್ಟಾಕ್ ಅನ್ನುವ ಗುಂಪು. ಇದು ಹುಳಿಯನ್ನೂ ಮಾಡುತ್ತದೆ, ಗಾಳಿಯನ್ನೂ ಬಿಡುತ್ತದೆ. ಉದ್ದಿನ ಲೋಳೆ ಮತ್ತು ಪ್ರೋಟೀನು ಸೇರಿ ಆ ಗಾಳಿಯನ್ನು ಗುಳ್ಳೆಗಳಾಗಿ ಹಿಡಿದಿಡುತ್ತವೆ. ಇಡ್ಲಿ ಮೆತ್ತಗಾಗುವುದು ಇದರಿಂದಲೇ. ಹುಳಿ ಏರುತ್ತಾ ಹೋದ ಹಾಗೆ ಈ ಗುಂಪು ಸೋಲುತ್ತದೆ, ಹುಳಿಯನ್ನು ಚೆನ್ನಾಗಿ ತಡೆದುಕೊಳ್ಳುವ ಬೇರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಮತ್ತು ಯೀಸ್ಟ್‌ಗಳು ಮುಂದೆ ಬರುತ್ತವೆ. ಅಲ್ಲಿಂದ ಮುಂದೆ ಹುಳಿ ಏರುತ್ತದೆ, ಉಬ್ಬು ಏರುವುದಿಲ್ಲ. ಹಿಡಿದಿಟ್ಟ ಗಾಳಿಯೂ ನಿಧಾನವಾಗಿ ಜಾರಿ ಹೋಗುತ್ತದೆ.

ಹಾಗಾಗಿ ಹಿಟ್ಟಿಗೆ ಒಂದು ತುತ್ತತುದಿ ಅನ್ನುವುದು ಇದೆ. ಅದು ಎಷ್ಟು ಹೊತ್ತಿಗೆ ಬರುತ್ತದೆ ಅನ್ನುವುದು ಮುಖ್ಯವಾಗಿ ಬಿಸಿಯ ಮೇಲೆ ನಿಂತಿದೆ. ಡಿಸೆಂಬರ್‌ನಲ್ಲಿ ಅಕ್ಕನ ಅಡುಗೆಮನೆ ರಾತ್ರಿ 21 ಡಿಗ್ರಿ ಇದ್ದರೆ ಈಗ 29. ಹಿಟ್ಟಿಗೆ ಕೊಡುವ ಸಮಯ ಮಾತ್ರ ಎರಡೂ ಕಾಲಕ್ಕೆ ಒಂದೇ: ರಾತ್ರಿ 10ರಿಂದ ಬೆಳಗ್ಗೆ 7.30.

ಗಡಿಯಾರವನ್ನು ನಂಬುವ ಬದಲು ಪಾತ್ರೆಯನ್ನೇ ನೋಡೋಣ ಅಂದೆ. ಹಿಟ್ಟು ತುಂಬಿದ ಮಟ್ಟಕ್ಕೆ ಪಾತ್ರೆಯ ಹೊರಗೆ ಒಂದು ಟೇಪ್ ಅಂಟಿಸಿದೆವು. ಬೆಳಗ್ಗೆ ಮುಚ್ಚಳ ತೆಗೆದಾಗ ಒಳಗೋಡೆಯಲ್ಲಿ ಒಂದು ಒಣಗಿದ ಗೆರೆ ಕಂಡಿತು. ಹಿಟ್ಟು ಅಲ್ಲಿಯವರೆಗೆ ಏರಿ, ಮೂರು ಬೆರಳಷ್ಟು ಕೆಳಗೆ ಇಳಿದು ಕೂತಿತ್ತು. ನಡು ಭಾಗ ಗುಳಿ ಬಿದ್ದಿತ್ತು, ಮೇಲೆ ತೆಳ್ಳಗೆ ನೀರು ಬಿಟ್ಟಿತ್ತು. ಹುಳಿಹಿಟ್ಟಿಗೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಮಾರನೇ ರಾತ್ರಿ ಅಕ್ಕನ ಮಗ ಓದಿಕೊಂಡು ಎದ್ದಿದ್ದ, ಆಗಾಗ ಮುಚ್ಚಳ ಸರಿಸಿ ನೋಡಿದ. 4 ಗಂಟೆ ದಾಟುವ ಹೊತ್ತಿಗೆ ಹಿಟ್ಟು ಎರಡು ಪಟ್ಟಾಗಿ ನಿಂತುಬಿಟ್ಟಿತ್ತು. ಅಂದರೆ ಆರು ಗಂಟೆ ಸಾಕಾಗಿತ್ತು. ಉಳಿದ ಮೂರೂವರೆ ಗಂಟೆ ಹಿಟ್ಟು ಸುಮ್ನೆ ಹುಳಿ ಹಿಡಿಯುತ್ತಾ ಕೂತಿತ್ತು. ಅದರ ಮೇಲೆ ಬೆಳಗಿನ ಬಿಸಿಲಲ್ಲಿ ಸ್ಕೂಟರ್ ಪ್ರಯಾಣ ಬೇರೆ.

ಕೋಣೆಯ ಬಿಸಿ ಒಂದೇ ಕಾರಣ ಅಲ್ಲ. ಗ್ರೈಂಡರ್‌ನಿಂದ ತೆಗೆದ ಉದ್ದಿನ ಹಿಟ್ಟಿಗೆ ಥರ್ಮಾಮೀಟರ್ ಇಟ್ಟರೆ 36 ಡಿಗ್ರಿ ತೋರಿಸಿತು. ಮೇಲಿನ ಟ್ಯಾಂಕ್‌ನ ನೀರೇ ಬೆಚ್ಚಗಿತ್ತು, ಮೇಲೆ ಅರ್ಧ ಗಂಟೆ ಕಲ್ಲು ತಿಕ್ಕಾಡಿದ ಬಿಸಿ. ಮನೆಮಟ್ಟಿಗೆ ಒಂದು ಲೀಟರ್ ಹಿಟ್ಟು ಮಾಡುವವರಿಗೆ ಇದು ಅಷ್ಟು ಲೆಕ್ಕಕ್ಕೆ ಬರುವುದಿಲ್ಲ, ಬೇಗ ಆರುತ್ತದೆ. ಹನ್ನೆರಡು ಕಿಲೋ ತುಂಬಿದ ಪಾತ್ರೆ ಹಾಗಲ್ಲ. ಅದರ ನಡುಭಾಗ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ.

ಇನ್ನೊಂದು ಅಭ್ಯಾಸ ಇತ್ತು. ನಿನ್ನೆಯ ಹಿಟ್ಟು ಎರಡು ಸೌಟು ಉಳಿಸಿಕೊಂಡು ಇವತ್ತಿನದಕ್ಕೆ ಸೇರಿಸುವುದು. ಚಳಿಗಾಲಕ್ಕೆ ಇದು ಒಳ್ಳೆಯ ಉಪಾಯ, ಹಿಟ್ಟು ಬೇಗ ಎದ್ದು ನಿಲ್ಲುತ್ತದೆ. ಬೇಸಿಗೆಯಲ್ಲಿ ಬೇಡವೇ ಬೇಡ. ಹಳೆ ಹಿಟ್ಟಿನಲ್ಲಿ ಜಾಸ್ತಿ ಇರುವುದು ಹುಳಿ ಹೆಚ್ಚಿಸುವ ಕೊನೆಯ ಹಂತದ ಗುಂಪು. ಅದನ್ನು ಮೊದಲ ಗಂಟೆಯಲ್ಲೇ ಒಳಗೆ ಬಿಟ್ಟರೆ, ಉಬ್ಬಿಸುವ ಗುಂಪಿಗೆ ಸರಿಯಾಗಿ ಬೆಳೆಯಲು ಸಮಯವೇ ಸಿಗುವುದಿಲ್ಲ. ಹುಳಿ ಬೇಗ ಬರುತ್ತದೆ, ಉಬ್ಬು ಕಡಿಮೆ. ಚಪ್ಪಟೆ ಇಡ್ಲಿಯ ದೂರಿಗೆ ಇಲ್ಲೇ ಉತ್ತರ ಸಿಕ್ಕಿತು.

ಎಲ್ಲ ಹುಳಿ ವಾಸನೆಯೂ ಒಂದೇ ಅಲ್ಲ ಅನ್ನುವುದನ್ನು ಇಲ್ಲಿ ಹೇಳಬೇಕು, ಯಾಕೆಂದರೆ ಮನೆಯಲ್ಲಿ ಮೂಗೇ ಮೊದಲ ಪರೀಕ್ಷಕ. ಮೊಸರಿನ ಹುಳಿ ಸರಿಯಾದ ಹಿಟ್ಟಿನದು. ವಿನೆಗರ್ ಥರ ಚುಚ್ಚಿದರೆ ಸಮಯ ಮೀರಿದೆ. ಹೆಂಡದ ವಾಸನೆ, ಅಥವಾ ಉಗುರಿನ ಬಣ್ಣ ತೆಗೆಯುವ ದ್ರವದಂಥ ವಾಸನೆ ಬಂದರೆ ಯೀಸ್ಟ್ ಜಾಸ್ತಿಯಾಗಿದೆ. ಆ ಹಿಟ್ಟಿನ ಮೇಲೆ ಕೆಲವೊಮ್ಮೆ ಸುಕ್ಕುಸುಕ್ಕಾದ ಬಿಳಿ ಪೊರೆಯೂ ಇರುತ್ತದೆ. ಕೊಳೆತ ಮೊಟ್ಟೆ, ಚರಂಡಿ, ಹಳಸಿದ ಮಾಂಸ ನೆನಪಾಗುವ ವಾಸನೆ ಬಂದರೆ ಅದು ಹುಳಿಯಲ್ಲ, ಕೊಳೆತ. ಅದನ್ನು ರುಚಿ ನೋಡುವ ಗೋಜಿಗೂ ಹೋಗಬಾರದು. ಅಕ್ಕನ ಹಿಟ್ಟು ಎರಡನೇ ಬಗೆಯದು: ವಿನೆಗರ್ ಕಡೆಗೆ ವಾಲಿದ, ಆದರೆ ಶುದ್ಧವಾದ ಹುಳಿ. ಬಣ್ಣ ಬಿಳಿ, ಪೊರೆ ಇಲ್ಲ. ಪಿಎಚ್ ಕಾಗದ ಅದ್ದಿದಾಗ 4ರ ಹತ್ತಿರ ಬಂತು. ಹದವಾಗಿ ಹುಳಿ ಬಂದ ಹಿಟ್ಟು ಸಾಮಾನ್ಯವಾಗಿ 4.5ರ ಆಸುಪಾಸಿನಲ್ಲಿರುತ್ತದೆ. ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ.

ಇಂಥ ಹಿಟ್ಟನ್ನು ಚೆಲ್ಲಬೇಕಿಲ್ಲ. ಅದು ಇಡ್ಲಿಗೆ ಸೋತಿದೆ ಅಷ್ಟೇ. ಹೊಸದಾಗಿ ರುಬ್ಬಿದ ಹುಳಿಯಿಲ್ಲದ ಹಿಟ್ಟು ಅಥವಾ ಅಕ್ಕಿಹಿಟ್ಟು ಸೇರಿಸಿ ಅವತ್ತೇ ದೋಸೆ ಹುಯ್ಯಬಹುದು. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಪಡ್ಡು ಮಾಡಿದರೆ ಹುಳಿ ಗೊತ್ತೇ ಆಗುವುದಿಲ್ಲ. ನನಗೆ ಕೇಳಿದರೆ ಪಡ್ಡಿಗೆ ಸ್ವಲ್ಪ ಹುಳಿ ಹಿಟ್ಟೇ ಚೆನ್ನ.

ಈಗ ಸೋಡಾ ವಿಷಯ. ಕಾವಲಿ ಮೇಲೆ ಹುಯ್ಯುವ ಮುಂಚೆ, ಅಥವಾ ಇಡ್ಲಿ ತಟ್ಟೆಗೆ ಹಾಕುವ ಮುಂಚೆ ಒಂದು ಚಿಟಿಕೆ ಹಾಕುವುದರಲ್ಲಿ ತಪ್ಪಿಲ್ಲ. ರಾತ್ರಿಯೇ ಪೂರ್ತಿ ಪಾತ್ರೆಗೆ ಹಾಕಿ ಇಡುವುದು ಬೇರೆ ಮಾತು. ಹಿಟ್ಟಿನಲ್ಲಿ ಏರುವ ಹುಳಿಯೇ ಅದರ ಕಾವಲುಗಾರ. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಪಿಎಚ್ 4.5ರ ಕೆಳಗೆ ಬೆಳೆಯಲು ಪರದಾಡುತ್ತವೆ. ಸೋಡಾ ಆ ಹುಳಿಯನ್ನು ಕೊಲ್ಲುತ್ತದೆ. ಬೆಚ್ಚಗಿನ, ಪೌಷ್ಟಿಕವಾದ, ಹುಳಿಯಿಲ್ಲದ ಹಿಟ್ಟು ರಾತ್ರಿಯಿಡೀ ಹೊರಗೆ ಇದ್ದರೆ ಅದರೊಳಗೆ ಯಾರು ಬೇಕಾದರೂ ಬೆಳೆಯಬಹುದು. ಜೊತೆಗೆ ಮೂಗಿಗೆ ಸಿಗಬೇಕಾದ ಎಚ್ಚರಿಕೆಯೂ ತಪ್ಪಿಹೋಗುತ್ತದೆ. ಅಕ್ಕನಿಗೆ ಅವತ್ತೇ ಸೋಡಾ ನಿಲ್ಲಿಸಿ ಅಂದೆ. ಎಲ್ಲಕ್ಕಿಂತ ಮೊದಲು ಸರಿಪಡಿಸಿದ್ದು ಇದನ್ನೇ.

ಆಮೇಲೆ ಮಾಡಿದ ಬದಲಾವಣೆಗಳು ಸಣ್ಣವು. ಹಳೆ ಹಿಟ್ಟು ಸೇರಿಸುವುದು ನಿಂತಿತು. ರುಬ್ಬಲು ಫ್ರಿಜ್‌ನ ತಣ್ಣೀರು, ಉದ್ದಿಗೆ ನಡುನಡುವೆ ಒಂದೆರಡು ಐಸ್ ತುಂಡು; ಹಿಟ್ಟು 27 ಡಿಗ್ರಿಯಲ್ಲಿ ಹೊರಗೆ ಬಂತು. ಎರಡು ದೊಡ್ಡ ಪಾತ್ರೆಗಳ ಬದಲು ನಾಲ್ಕು ಅಗಲ ಪಾತ್ರೆ. ರುಬ್ಬುವ ಕೆಲಸ ಸಂಜೆಯಿಂದ ರಾತ್ರಿ 9ಕ್ಕೆ ಸರಿಯಿತು. ಉಪ್ಪನ್ನು ಬೆಳಗ್ಗೆ ಹಾಕುವ ಬದಲು ರಾತ್ರಿಯೇ ಹಾಕಿದರು, ಅದರಿಂದ ಹುದುಗುವ ವೇಗ ಸ್ವಲ್ಪ ತಗ್ಗುತ್ತದೆ. ಬೆಳಗ್ಗೆ 6ಕ್ಕೆ ಮುಚ್ಚಳ ತೆಗೆದಾಗ ಹಿಟ್ಟು ಗುಡ್ಡದ ಹಾಗೆ ಎದ್ದು ನಿಂತಿತ್ತು, ಒಳಗೋಡೆಯಲ್ಲಿ ಇಳಿದ ಗೆರೆ ಇರಲಿಲ್ಲ. ಒಂದು ಹನಿ ಹಿಟ್ಟನ್ನು ನೀರಿಗೆ ಬಿಟ್ಟರೆ ತೇಲಿತು. ಆಗ ಹೆಚ್ಚು ಕಲಸದೆ ಡಬ್ಬಿಗೆ ತುಂಬಿ ಕೂಡಲೇ ಫ್ರಿಜ್‌ಗೆ. ಮನೆಗಳಿಗೆ ಹೋಗುವಾಗ ತಣ್ಣಗೆ ಹೋಯಿತು. ವಾಸನೆಯ ದೂರು ಅಲ್ಲಿಗೆ ಮುಗಿಯಿತು.

ಬೂದು ಗೆರೆ

ಇದು ಬೇಗ ಬಗೆಹರಿದ ಭಾಗ. ಹುದುಗು ಬರುವ ಮೊದಲೇ, ರುಬ್ಬಿದ ತಕ್ಷಣವೇ ಗೆರೆ ಕಂಡರೆ ಅದು ಯಾವ ಜೀವಿಯ ಕೆಲಸವೂ ಅಲ್ಲ. ಬೆಳೆಯಲು ಅವಕ್ಕೆ ಸಮಯವೇ ಆಗಿಲ್ಲ. ಹಾಗಾಗಿ ಆ ಸಂಜೆ ನಾವು ಗ್ರೈಂಡರ್ ಪಕ್ಕದಲ್ಲೇ ಕೂತೆವು. ಮೊದಲ ಸುತ್ತಿನ ಉದ್ದು ಬೆಳ್ಳಗೆ ಬಂತು. ಯಂತ್ರ ಬಿಸಿಯಾದ ಮೇಲೆ, ಎರಡನೇ ಸುತ್ತಿನ ಅಕ್ಕಿಯಲ್ಲಿ, ಗುಂಡುಕಲ್ಲಿನ ನಡುವಿನ ತೂತಿನ ಕಡೆಯಿಂದ ಪೆನ್ಸಿಲ್ ಗೀಟಿನಂಥ ಬೂದು ಎಳೆ ಇಳಿಯಿತು.

ಗುಂಡುಕಲ್ಲು ಒಂದು ಸರಳಿನ ಮೇಲೆ ತಿರುಗುತ್ತದೆ. ನಡುವೆ ಬುಷ್ ಅನ್ನುವ ಬಳೆಯಂಥ ತುಂಡು ಇರುತ್ತದೆ. ವರ್ಷಗಟ್ಟಲೆ ಓಡಿದ ಗ್ರೈಂಡರ್‌ನಲ್ಲಿ ಅದು ಸವೆದು ಸಡಿಲವಾಗುತ್ತದೆ. ಸಂದಿಗೆ ಹಿಟ್ಟು ನುಗ್ಗಿ, ಲೋಹದ ಮಸಿಯೊಂದಿಗೆ ಸೇರಿ ಕಪ್ಪು ಲೇಹದಂತಾಗಿ ಕೂರುತ್ತದೆ. ಕಲ್ಲು ಬಿಚ್ಚಿ, ಸರಳನ್ನು ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಕಪ್ಪಾಯಿತು. ಕೆಟ್ಟ ವಾಸನೆಯೂ ಬಂತು. ಅಂದರೆ ಅಲ್ಲಿ ಹಳೆ ಹಿಟ್ಟೂ ಕೊಳೆಯುತ್ತಿತ್ತು. ಹೊರಗಿನಿಂದ ಎಷ್ಟು ತೊಳೆದರೂ ಈ ಸಂದಿಗೆ ನೀರು ಹೋಗುವುದಿಲ್ಲ. ರಿಪೇರಿಯವರು ಬುಷ್ ಬದಲಿಸಿದರು. ನಂತರ ಒಂದು ಹಿಡಿ ಅಕ್ಕಿ ಹಾಕಿ ಐದು ನಿಮಿಷ ಓಡಿಸಿ ಚೆಲ್ಲಿ, ಮತ್ತೆ ನೋಡಿದೆವು. ಬೆಳ್ಳಗಿತ್ತು. ಗೆರೆ ಬಿದ್ದ ಹಿಟ್ಟನ್ನು ಅಕ್ಕ ಚೆಲ್ಲಿದ್ದರು. ಅದೇ ಸರಿ. ಲೋಹದ ಮಸಿಯನ್ನು ಬೇಯಿಸಿ ಹೋಗಲಾಡಿಸಲು ಆಗುವುದಿಲ್ಲ.

ಬೂದು ಬಣ್ಣಕ್ಕೆ ಬೇರೆ ಕಾರಣಗಳೂ ಇವೆ, ಗುರುತಿಸುವುದು ಕಷ್ಟವಲ್ಲ. ಚುಕ್ಕಿ ಚುಕ್ಕಿಯಾಗಿದ್ದರೆ ಬೇಳೆಯಲ್ಲಿ ಉಳಿದ ಉದ್ದಿನ ಸಿಪ್ಪೆ. ಫ್ರಿಜ್‌ನಲ್ಲಿಟ್ಟ ಹಿಟ್ಟಿನ ಮೇಲ್ಪದರ ಮಾತ್ರ ಮಾಸಲಾಗಿ, ಸೌಟಿನಿಂದ ಸರಿಸಿದರೆ ಕೆಳಗೆ ಬೆಳ್ಳಗಿದ್ದರೆ, ಗಾಳಿಗೆ ಒಣಗಿದ್ದು. ಬಾಯಿ ಸರಿಯಾಗಿ ಮುಚ್ಚಿದರೆ ಅದು ಆಗುವುದಿಲ್ಲ. ಆದರೆ ಆ ಬೂದು ಭಾಗ ಒಣಗಿದಂತಿರದೆ ಮಖಮಲ್ಲಿನ ಹಾಗೆ ಅಥವಾ ಎಳೆ ಎಳೆ ಹತ್ತಿಯ ಹಾಗೆ ಎದ್ದು ನಿಂತಿದ್ದರೆ ಅದು ಬೂಷ್ಟು. ಟಾರ್ಚ್ ಹಾಕಿ ಓರೆಯಿಂದ ನೋಡಿದರೆ ರೋಮ ಕಾಣುತ್ತದೆ. ಆಗ ಪೂರ್ತಿ ಹಿಟ್ಟು ಹೊರಗೆ.

ಗುಲಾಬಿ ಬಣ್ಣ

ತಲೆ ಕೆಡಿಸಿದ್ದು ಇದು. ಒಂದೇ ಪಾತ್ರೆಯ ಹಿಟ್ಟು ಇಪ್ಪತ್ತೈದು ಮನೆಗೆ ಹೋಗುತ್ತದೆ, ಗುಲಾಬಿ ಗೆರೆ ಮೂರು ಮನೆಯಲ್ಲಿ ಮಾತ್ರ. ಹಿಟ್ಟೇ ಕೆಟ್ಟಿದ್ದರೆ, ಐದು ದಿನ ಇಟ್ಟುಕೊಂಡ ಉಳಿದ ಮನೆಗಳಲ್ಲೂ ಕಾಣಬೇಕಿತ್ತು. ಅಂಥ ಏಳೆಂಟು ಮನೆಗಳಿದ್ದವು, ಅವರಲ್ಲಿ ಯಾರಿಗೂ ಕಂಡಿರಲಿಲ್ಲ.

ಮೂರನೇ ಪ್ರಶ್ನೆಯ ಉತ್ತರ ಇಲ್ಲಿ ಉಪಯೋಗಕ್ಕೆ ಬಂತು. ಗಿರಾಕಿಗಳಲ್ಲಿ ಕೆಲವರು ತಮ್ಮದೇ ಸ್ಟೀಲ್ ಡಬ್ಬಿ ಕೊಡುತ್ತಾರೆ. ಉಳಿದವರಿಗೆ ಅಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೊಡುತ್ತಾರೆ, ಖಾಲಿಯಾದ ಮೇಲೆ ಅದು ವಾಪಸ್ ಬರುತ್ತದೆ. ನಾಲ್ಕು ಕಡೆ ಕೊಂಡಿ ಇರುವ, ಮುಚ್ಚಳದ ಒಳಗೆ ರಬ್ಬರ್ ಸುತ್ತು ಇರುವ ಡಬ್ಬಿಗಳು. ಮೂರೂ ಮನೆಗೆ ಹೋಗಿದ್ದು ಇವೇ. ಗೆರೆ ಕಂಡಿದ್ದೂ ರಬ್ಬರ್ ತಾಗುವ ಅಂಚಿನಲ್ಲೇ.

ವಾಪಸ್ ಬಂದ ಒಂದು ಡಬ್ಬಿಯ ಮುಚ್ಚಳ ತೆಗೆದುಕೊಂಡು, ಚಮಚದ ಹಿಂಬದಿಯಿಂದ ರಬ್ಬರ್ ಎಬ್ಬಿಸಿದೆ. ಅಕ್ಕ "ಅಯ್ಯೋ, ಇದು ಬಿಚ್ಚಕ್ಕೆ ಬರುತ್ತಾ?" ಅಂದರು. ಕಾಲುವೆಯಂಥ ಆ ಸಂದಿಯಲ್ಲಿ ಒಣಗಿದ ಹಿಟ್ಟು ಇತ್ತು. ಅದರ ಮೇಲೆ ಕಿತ್ತಳೆಗೆ ತಿರುಗಿದ ಗುಲಾಬಿ ಲೋಳೆ.

ಅಡುಗೆಮನೆಯಲ್ಲಿ ಗುಲಾಬಿ ಬಣ್ಣಕ್ಕೆ ಎರಡು ಮಾಮೂಲಿ ಗಿರಾಕಿಗಳು. ಒಂದು ಸೆರಾಶಿಯಾ ಮಾರ್ಸೆಸೆನ್ಸ್ ಅನ್ನುವ ಬ್ಯಾಕ್ಟೀರಿಯಾ. ಬಚ್ಚಲುಮನೆಯ ಮೂಲೆಯಲ್ಲಿ, ಸಿಂಕಿನ ತೂತಿನ ಸುತ್ತ ಗುಲಾಬಿ ಲೋಳೆ ಕಟ್ಟುವುದು ಹೆಚ್ಚಾಗಿ ಇದೇ. ಇನ್ನೊಂದು ರೋಡೊಟೊರುಲಾ ಅನ್ನುವ ಗುಲಾಬಿ ಯೀಸ್ಟ್. ಬರಿಗಣ್ಣಿನಿಂದ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಆದರೆ ಈ ಪ್ರಕರಣದ ಲಕ್ಷಣಗಳು ಯೀಸ್ಟ್ ಕಡೆಗೆ ಬೆರಳು ತೋರಿಸುತ್ತವೆ. ಸೆರಾಶಿಯಾಕ್ಕೆ ಹುಳಿ ಅಷ್ಟಾಗಿ ಆಗಿಬರುವುದಿಲ್ಲ. ರೋಡೊಟೊರುಲಾಕ್ಕೆ ಹುಳಿಯ ಚಿಂತೆಯಿಲ್ಲ, ಫ್ರಿಜ್‌ನ ಚಳಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ, ಬೆಳೆಯಲು ಗಾಳಿ ಬೇಕು. ಹಾಗಾಗಿಯೇ ಹಿಟ್ಟಿನ ಆಳದಲ್ಲಿ ಬಿಟ್ಟು ಮೇಲ್ಮೈ ಮತ್ತು ಅಂಚಿನಲ್ಲಿ, ನಾಲ್ಕೈದು ದಿನ ತೆಗೆದುಕೊಂಡು, ಬಣ್ಣ ತೋರಿಸುತ್ತದೆ.

ಊಹೆಯನ್ನು ಪರೀಕ್ಷಿಸಬೇಕಿತ್ತು. ಒಂದೇ ಪಾತ್ರೆಯ ಹಿಟ್ಟನ್ನು ಮೂರು ಕಡೆ ತುಂಬಿದೆವು. ಒಂದು, ಕುದಿಯುವ ನೀರು ಹಾಕಿ ತೊಳೆದು ಒಣಗಿಸಿದ ಸ್ಟೀಲ್ ಡಬ್ಬಿ. ಎರಡು, ಅಕ್ಕ ಯಾವಾಗಲೂ ತೊಳೆಯುವ ಹಾಗೆ ಸೋಪಿನಲ್ಲಿ ತೊಳೆದ ಪ್ಲಾಸ್ಟಿಕ್ ಡಬ್ಬಿ, ರಬ್ಬರ್ ಬಿಚ್ಚದೆ. ಮೂರು, ಅದೇ ಥರದ ಡಬ್ಬಿ, ಆದರೆ ರಬ್ಬರ್ ಬಿಚ್ಚಿ, ಸಂದಿಯನ್ನು ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ರಬ್ಬರನ್ನು ಹತ್ತು ನಿಮಿಷ ಕುದಿಸಿ, ಎಲ್ಲವನ್ನೂ ಬಿಸಿಲಲ್ಲಿ ಒಣಗಿಸಿ ಮತ್ತೆ ಹಾಕಿದ್ದು. ಮೂರೂ ಫ್ರಿಜ್‌ನ ಒಂದೇ ತಟ್ಟಿನಲ್ಲಿ. ಐದನೇ ದಿನ ಎರಡನೇ ಡಬ್ಬಿಯ ಅಂಚಿನಲ್ಲಿ ಉಗುರಿನಷ್ಟು ಉದ್ದದ ಗುಲಾಬಿ ಗೆರೆ ಬಂದಿತ್ತು. ಉಳಿದ ಎರಡೂ ಹುಳಿಯಾಗಿದ್ದವು, ಬಣ್ಣ ಮಾತ್ರ ಬಿಳಿ.

ಅಲ್ಲಿಗೆ ಬೇಳೆ, ನೀರು, ಗ್ರೈಂಡರ್ ಮೂರೂ ಈ ಆರೋಪದಿಂದ ಬಿಡುಗಡೆಯಾದವು.

ಅಕ್ಕ ಕೇಳಿದ ಮುಂದಿನ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ. ಗೆರೆ ಇರುವ ಕಡೆ ಸೌಟಿನಿಂದ ತೆಗೆದುಬಿಟ್ಟರೆ ಉಳಿದ ಹಿಟ್ಟು ಉಪಯೋಗಿಸಬಹುದಲ್ವಾ? ಹೇಗೂ ಹಬೆಯಲ್ಲಿ ಬೇಯುತ್ತದೆ. ಬೇಡ ಅಂದೆ, ಎರಡು ಕಾರಣಕ್ಕೆ. ಗಟ್ಟಿ ಬೆಲ್ಲದಂಥ ಪದಾರ್ಥವಾದರೆ ಕತ್ತರಿಸಿ ತೆಗೆಯುವ ಮಾತಾಡಬಹುದು. ಹಿಟ್ಟು ದ್ರವ, ಪ್ರತಿ ಸಲ ಸೌಟು ಆಡಿಸಿದಾಗ ಅಂಚಿನದು ಒಳಗೆ ಹೋಗಿರುತ್ತದೆ. ಬಣ್ಣ ಕಣ್ಣಿಗೆ ಬೀಳುವ ಹೊತ್ತಿಗೆ ಅವುಗಳ ಸಂಖ್ಯೆ ವಿಪರೀತವಾಗಿರುತ್ತದೆ. ಎರಡನೆಯದು ಇನ್ನೂ ಮುಖ್ಯ. ಹಬೆಯಲ್ಲಿ ಹತ್ತು-ಹನ್ನೆರಡು ನಿಮಿಷ ಬೆಂದರೆ ಈ ಯೀಸ್ಟ್ ಸಾಯುತ್ತದೆ, ನಿಜ. ಆದರೆ ಗುಲಾಬಿ ಬಣ್ಣ ಹೇಳುವುದು ಹೊರಗಿನ ಕೊಳೆ ಹಿಟ್ಟಿಗೆ ಸೇರಿದೆ ಅಂತ. ಅದರ ಜೊತೆ ಬಣ್ಣವಿಲ್ಲದ ಯಾರು ಬಂದಿದ್ದಾರೋ ಕಣ್ಣಿಗೆ ಕಾಣುವುದಿಲ್ಲ. ಸ್ಟ್ಯಾಫಿಲೊಕಾಕಸ್, ಬ್ಯಾಸಿಲಸ್ ಸೀರಿಯಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳು ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ಅರ್ಧ ಡಬ್ಬಿ ಹಿಟ್ಟಿಗೋಸ್ಕರ ಈ ಲೆಕ್ಕಾಚಾರ ಯಾಕೆ? ಮನೆಯಲ್ಲಿ ಚಿಕ್ಕ ಮಕ್ಕಳು, ವಯಸ್ಸಾದವರು, ಕಾಯಿಲೆಯವರು ಇದ್ದರೆ ಯೋಚಿಸುವ ಪ್ರಶ್ನೆಯೇ ಇಲ್ಲ.

ಗುಲಾಬಿ, ಕಿತ್ತಳೆ, ಕೆಂಪು, ಹಸಿರು, ಕಪ್ಪು ಯಾವುದೇ ಬಣ್ಣದ ಗೆರೆ ಅಥವಾ ಮಚ್ಚೆ ಹೊಸದಾಗಿ ಬೆಳೆದಿದ್ದರೆ ಇದೇ ನಿಯಮ. ಪೂರ್ತಿ ಹಿಟ್ಟು ಒಂದೇ ಸಮನಾಗಿ ತಿಳಿ ಹಳದಿಯಾಗಿದ್ದರೆ ಅದು ಮೆಂತ್ಯದ್ದು, ಹೆದರಬೇಕಿಲ್ಲ.

ಡಬ್ಬಿಗಳ ಕಥೆ ಹೀಗೆ ಮುಗಿಯಿತು. ಒಳಗೆ ಗೀರು ಬಿದ್ದ ಹಳೆಯವನ್ನು ಅಕ್ಕ ಎಸೆದರು, ಯಾಕೆಂದರೆ ಗೀರಿನೊಳಗೆ ಬ್ರಷ್ ಹೋಗುವುದಿಲ್ಲ. ಉಳಿದವುಗಳ ರಬ್ಬರ್ ಬಿಚ್ಚಿ ಉಜ್ಜಿ, ಒಂದು ಲೀಟರ್ ನೀರಿಗೆ ಒಂದು ಟೀ ಚಮಚ, ಅಂದರೆ 5 ಎಂ.ಎಲ್. ಮಾಮೂಲಿ ಬ್ಲೀಚ್ ದ್ರವ ಬೆರೆಸಿ, ಅದರಲ್ಲಿ ಕೆಲವು ನಿಮಿಷ ಮುಳುಗಿಸಿ, ಚೆನ್ನಾಗಿ ತೊಳೆದು ಒಣಗಿಸಿದರು. ಪರಿಮಳ ಸೇರಿಸದ ಸಾದಾ ಬ್ಲೀಚ್ ಇರಬೇಕು. ಅದಕ್ಕೆ ವಿನೆಗರ್ ಅಥವಾ ಟಾಯ್ಲೆಟ್ ಆಸಿಡ್ ಯಾವತ್ತೂ ಸೇರಿಸಬಾರದು, ವಿಷದ ಗಾಳಿ ಬರುತ್ತದೆ. ಇದು ಒಂದು ಸಲದ ಕೆಲಸ. ದಿನಾ ತೊಳೆಯುವಾಗ ರಬ್ಬರ್ ಬಿಚ್ಚಿ ಸೋಪು ಹಾಕಿ, ಕುದಿನೀರು ಹುಯ್ದು, ಪೂರ್ತಿ ಒಣಗಿದ ಮೇಲೆ ಜೋಡಿಸಿದರೆ ಸಾಕು. ಒದ್ದೆಯಲ್ಲೇ ಮುಚ್ಚಿಟ್ಟ ಡಬ್ಬಿಯಲ್ಲಿ ಗುಲಾಬಿ ಲೋಳೆ ಮತ್ತೆ ಬರುತ್ತದೆ.

ಮೂರರಲ್ಲಿ ಎರಡು ಮನೆಯಲ್ಲಿ ಇದರಿಂದ ನಿಂತಿತು. ಮೂರನೇ ಮನೆಯಲ್ಲಿ ಎರಡು ವಾರ ಬಿಟ್ಟು ಮತ್ತೆ ಕಂಡಿತು, ಈ ಸಲ ಅವರದೇ ಹೊಸ ಸ್ಟೀಲ್ ಡಬ್ಬಿಯಲ್ಲಿ. ಅಕ್ಕ ಹೋಗಿ ನೋಡಿಕೊಂಡು ಬಂದರು. ಅವರು ಒಂದೇ ಸೌಟನ್ನು ಹಿಟ್ಟಿನಲ್ಲೇ ಬಿಟ್ಟು, ಕೊನೆಗೆ ಸಿಂಕಿನ ಪಕ್ಕದ ಒದ್ದೆ ಸ್ಪಾಂಜಿನಿಂದ ಡಬ್ಬಿಯ ಅಂಚು ಒರೆಸಿ, ಫ್ರಿಜ್ ಬಾಗಿಲಿನ ತಟ್ಟಿನಲ್ಲಿ ಇಡುತ್ತಿದ್ದರು. ಪ್ರತಿ ಸಲ ಬಾಗಿಲು ತೆಗೆದಾಗ ಅಲ್ಲಿಗೇ ಮೊದಲು ಬಿಸಿ ಗಾಳಿ ಬಡಿಯುತ್ತದೆ. ಸ್ಪಾಂಜಿನ ವಿಷಯ ಹೇಳಬೇಕಿಲ್ಲ. ಅಕ್ಕ ಜಗಳಕ್ಕೆ ಹೋಗದೆ, "ಅಮ್ಮಾ, ನಾಳೆಯಿಂದ ನಿಮಗೆ ಒಂದು ಕಿಲೋ ಬದಲು ಅರ್ಧ ಅರ್ಧ ಕಿಲೋ ವಾರಕ್ಕೆ ಎರಡು ಸಲ ಕೊಡ್ತೀನಿ. ಎರಡು ದಿನದಲ್ಲಿ ಖಾಲಿ ಮಾಡಿಬಿಡಿ" ಅಂದರಂತೆ. ಈಗ ಎಲ್ಲ ಡಬ್ಬಿಯ ಮೇಲೂ ರುಬ್ಬಿದ ತಾರೀಕು ಬರೆದ ಚೀಟಿ ಅಂಟಿಸುತ್ತಾರೆ, ಕೆಳಗೆ "ಒಣ ಸೌಟು, ಫ್ರಿಜ್‌ನ ಒಳಗಿನ ತಟ್ಟು, 4 ದಿನ" ಅಂತ. ಚಳಿಗಾಲ ಬಂದ ಮೇಲೆ ಹಳೆ ಹಿಟ್ಟು ಒಂದು ಸೌಟು ಸೇರಿಸುವುದನ್ನು ಮತ್ತೆ ಶುರು ಮಾಡುವ ಯೋಚನೆ ಅವರಿಗಿದೆ. ಸೇರಿಸಬಹುದು, ಆದರೆ ಗಿರಾಕಿಯ ಡಬ್ಬಿಯಿಂದ ವಾಪಸ್ ಬಂದಿದ್ದನ್ನು ಹಾಕದೆ, ಅವತ್ತು ಬೆಳಗ್ಗೆ ತುಂಬುವಾಗಲೇ ಕುದಿನೀರಿನಲ್ಲಿ ತೊಳೆದ ಸ್ಟೀಲ್ ಲೋಟಕ್ಕೆ ಎತ್ತಿಟ್ಟುಕೊಂಡ ಹಿಟ್ಟನ್ನು ಮಾತ್ರ.